ಬಿಸಿ ಟಯರ್‌ನಲ್ಲಿ 38 ಕಂಡರೆ ಗಾಳಿ ಇಳಿಸಬೇಡಿ

ಪ್ರಶ್ನೆ: ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಏಪ್ರಿಲ್‌ನಲ್ಲಿ ಉಡುಪಿಯಿಂದ ಸಕಲೇಶಪುರಕ್ಕೆ ಹೊರಟಾಗ ಬೆಳಿಗ್ಗೆ ಮನೆ ಪಕ್ಕದಲ್ಲೇ ನಾಲ್ಕೂ ಚಕ್ರಕ್ಕೆ 33 ಹಾಕಿಸಿದ್ದೆ. ಮಂಗಳೂರಿನಲ್ಲಿ ಕೆಲಸ ಮುಗಿಸಿ, ಮಧ್ಯಾಹ್ನ ನೆಲ್ಯಾಡಿ ಹತ್ತಿರ ಬಂಕ್‌ನಲ್ಲಿ ನೋಡಿದರೆ 38 ಉಂಟು! "ಬಿಸಿಲಿಗೆ ಒಡೆದು ಹೋದೀತು, ಕಮ್ಮಿ ಮಾಡುವ" ಅಂತ ಅಲ್ಲಿಯವರು 33ಕ್ಕೆ ಇಳಿಸಿದರು. ಊರಿಗೆ ವಾಪಸ್ ಬಂದು ಮರುದಿನ ಬೆಳಿಗ್ಗೆ ನೋಡಿದರೆ 28. ಪಂಕ್ಚರ್ ಇಲ್ಲ. ಗಾಳಿ ಎಲ್ಲಿಗೆ ಹೋಯಿತು? ಬೇಸಿಗೆಯಲ್ಲಿ ಎರಡು ಪಾಯಿಂಟ್ ಕಡಿಮೆ ಇಡಬೇಕಾ? ನೈಟ್ರೋಜನ್ ಹಾಕಿದರೆ ಏರುವುದೇ ಇಲ್ಲವಂತೆ, ನಿಜವಾ?

ಉತ್ತರ: ಗಾಳಿ ಹೋದದ್ದು ನೆಲ್ಯಾಡಿಯಲ್ಲೇ, ವಾಲ್ವ್ ಒತ್ತಿ ಬಿಟ್ಟಾಗ. ಅಲ್ಲಿ ಕಂಡ 38 ಸರಿಯಾದ ಓದು. ಆ ಹೊತ್ತಿಗೆ ಆ ಟಯರ್‌ನಲ್ಲಿ ಅಷ್ಟೇ ಇರಬೇಕಿತ್ತು. ಬಿಸಿಯಾದ ಟಯರ್‌ನಲ್ಲಿ 33 ಕಂಡಿದ್ದರೆ ಚಿಂತಿಸಬೇಕಿತ್ತು. ಯಾಕೆಂದು ನಿಮ್ಮದೇ ಅಂಕಿಗಳನ್ನು ಹಿಡಿದು ನೋಡೋಣ.

ಟಯರ್‌ನ ಒಳಗೆ ಉಕ್ಕಿನ ತಂತಿಯ ಪಟ್ಟಿ ಇರುವುದರಿಂದ ಅದು ಬಲೂನಿನ ಹಾಗೆ ಹಿಗ್ಗುವುದಿಲ್ಲ. ಒಳಗಿನ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಗಾಳಿಯೂ ಅಷ್ಟೇ ಇರುತ್ತದೆ, ಬದಲಾಗುವುದು ಬಿಸಿ ಮಾತ್ರ. ಹೀಗಿರುವಾಗ ಒತ್ತಡ ಉಷ್ಣತೆಯ ಜತೆಗೇ ಏರುತ್ತದೆ. ಲೆಕ್ಕ ಹಾಕುವಾಗ ಎರಡು ವಿಷಯ ಮರೆಯಬಾರದು. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಒತ್ತಡ ಇದೆ ಎಂಬುದನ್ನು. ನಿಜವಾದ ಒತ್ತಡ ಬೇಕೆಂದರೆ ಅದಕ್ಕೆ ವಾತಾವರಣದ 14.7 ಪಿಎಸ್‌ಐ ಸೇರಿಸಬೇಕು. ಹಾಗೆಯೇ ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ಹಿಡಿಯಬೇಕು, ಅಂದರೆ ಸೆಲ್ಸಿಯಸ್ ಅಂಕಿಗೆ 273 ಕೂಡಿಸಬೇಕು.

ಉಡುಪಿಯಲ್ಲಿ ಬೆಳಿಗ್ಗೆ 26 ಡಿಗ್ರಿ ಇತ್ತು ಎಂದು ಇಟ್ಟುಕೊಳ್ಳಿ. ಅದು 299 ಕೆಲ್ವಿನ್. ಗೇಜ್ 33 ತೋರಿಸಿದರೆ ಒಳಗಿನ ನಿಜ ಒತ್ತಡ 47.7. ಮಧ್ಯಾಹ್ನ ಗೇಜ್ 38, ಅಂದರೆ ನಿಜ ಒತ್ತಡ 52.7. ಇವೆರಡರ ಅನುಪಾತದಲ್ಲೇ ಉಷ್ಣತೆಯೂ ಏರಿರಬೇಕು: 299ನ್ನು 52.7ರಿಂದ ಗುಣಿಸಿ 47.7ರಿಂದ ಭಾಗಿಸಿದರೆ 330 ಕೆಲ್ವಿನ್ ಬರುತ್ತದೆ, ಅಂದರೆ ಸುಮಾರು 57 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಹೆದ್ದಾರಿಯಲ್ಲಿ ಓಡಿ ಬಂದ ಕಾರಿನ ಟಯರ್ ಒಳಗಿನ ಗಾಳಿ 57 ಡಿಗ್ರಿ ಇರುವುದು ತೀರಾ ಸಹಜ. ಪ್ರತಿ ಸಲ ಇಷ್ಟೆಲ್ಲ ಲೆಕ್ಕ ಬೇಡವೆಂದರೆ ಒಂದು ಅಂದಾಜು ನೆನಪಿಟ್ಟುಕೊಳ್ಳಿ: 33ರ ಆಸುಪಾಸಿನ ಟಯರ್‌ನಲ್ಲಿ ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಗೇಜ್ ಸುಮಾರು 1.6 ಪಿಎಸ್‌ಐ ಏರುತ್ತದೆ.

ಈಗ ಆ 57 ಡಿಗ್ರಿಯಲ್ಲಿ ಗಾಳಿ ಬಿಟ್ಟು 33ಕ್ಕೆ ಇಳಿಸಿದಿರಿ. ಟಯರ್ ಮತ್ತೆ 26 ಡಿಗ್ರಿಗೆ ತಣಿದರೆ ಲೆಕ್ಕ ಉಲ್ಟಾ ತಿರುಗುತ್ತದೆ. 47.7ನ್ನು 299ರಿಂದ ಗುಣಿಸಿ 330ರಿಂದ ಭಾಗಿಸಿ, 14.7 ಕಳೆದರೆ 28.5 ಉಳಿಯುತ್ತದೆ. ಗೇಜ್ ಚುಚ್ಚುವಾಗ ಪುಸ್ ಎಂದು ಹೋಗುವ ಸ್ವಲ್ಪ ಗಾಳಿಯನ್ನೂ ಸೇರಿಸಿದರೆ ನಿಮಗೆ ಕಂಡ 28 ಸರಿಹೋಯಿತು. ಪಂಕ್ಚರ್ ಹುಡುಕುವ ಅಗತ್ಯವಿಲ್ಲ.

ಆ 57 ಡಿಗ್ರಿ ಪೂರ್ತಿ ಬಿಸಿಲಿನದ್ದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಳಗಿನ 26ರಿಂದ ಮಧ್ಯಾಹ್ನದ 34 ಡಿಗ್ರಿಗೆ ಹವೆ ಏರಿದ್ದರಿಂದ ಬಂದದ್ದು ಒಂದೂಕಾಲು ಪಿಎಸ್‌ಐ ಅಷ್ಟೇ. ಉಳಿದ ಮೂರೂಮುಕ್ಕಾಲು ಪಿಎಸ್‌ಐ ಬಂದದ್ದು ಓಟದಿಂದ, ಸ್ವಲ್ಪ ಕಾದ ರಸ್ತೆಯಿಂದ. ಟಯರ್ ನೆಲ ಮುಟ್ಟುವ ಜಾಗದಲ್ಲಿ ಚಪ್ಪಟೆಯಾಗುತ್ತದೆ, ಪಕ್ಕದ ಗೋಡೆ ಉಬ್ಬಿ ಬಾಗುತ್ತದೆ, ಆ ಭಾಗ ಮೇಲೆ ಹೋದೊಡನೆ ಮತ್ತೆ ನೆಟ್ಟಗಾಗುತ್ತದೆ. ಸಣ್ಣ ಕಾರಿನ ಚಕ್ರ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹನ್ನೊಂದು ಹನ್ನೆರಡು ಸುತ್ತು ಹೊಡೆಯುತ್ತದೆ. ಅಷ್ಟು ಸಲವೂ ರಬ್ಬರ್ ಬಾಗಿ ನೆಟ್ಟಗಾಗಬೇಕು. ಬಾಗಿಸಲು ಖರ್ಚಾದ ಶಕ್ತಿಯನ್ನು ರಬ್ಬರ್ ಪೂರ್ತಿಯಾಗಿ ವಾಪಸ್ ಕೊಡುವುದಿಲ್ಲ. ಒಂದು ಪಾಲು ಅದರೊಳಗೇ ಬಿಸಿಯಾಗಿ ಉಳಿಯುತ್ತದೆ. ಆ ಬಿಸಿ ಒಳಗಿನ ಗಾಳಿಗೆ ಹೋಗುತ್ತದೆ.

ಹಾಗಂತ ಅದು ಏರುತ್ತಲೇ ಹೋಗುವುದಿಲ್ಲ. ಟಯರ್ ಬಿಸಿಯಾದಷ್ಟೂ ಹೊರಗಿನ ಗಾಳಿಗೆ, ರಸ್ತೆಗೆ, ರಿಮ್‌ಗೆ ಹೆಚ್ಚು ಬಿಸಿ ಬಿಟ್ಟುಕೊಡುತ್ತದೆ. ಒಂದೇ ವೇಗದಲ್ಲಿ ಅರ್ಧ ಮುಕ್ಕಾಲು ಗಂಟೆ ಓಡಿದ ಮೇಲೆ ಹುಟ್ಟುವ ಬಿಸಿಯೂ ಹೊರಹೋಗುವ ಬಿಸಿಯೂ ಸಮವಾಗಿ ಅಂಕಿ ನಿಲ್ಲುತ್ತದೆ. ಆದ್ದರಿಂದ ಉಡುಪಿಯಿಂದ ಮಂಗಳೂರು ತಲುಪುವಷ್ಟರಲ್ಲಿ 37 ಕಂಡದ್ದು, ಹಾಸನ ತಲುಪುವಾಗ 45 ಆಗಿಬಿಡುತ್ತದೆ ಎಂದು ಹೆದರಬೇಕಿಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಅದೇ ರಸ್ತೆಯಲ್ಲಿ ಹೋಗಿ ನೋಡಿ, ನೀರು ಟಯರನ್ನು ತಣಿಸುತ್ತಲೇ ಇರುವುದರಿಂದ ಏರಿಕೆ ಎದ್ದು ಕಾಣುವಷ್ಟು ಕಡಿಮೆ ಇರುತ್ತದೆ.

"ಒಡೆದು ಹೋದೀತು" ಎಂಬ ಭಯಕ್ಕೂ ಇಲ್ಲೇ ಉತ್ತರ ಇದೆ. ಟಯರ್‌ನ ಪಕ್ಕದಲ್ಲಿ ಗರಿಷ್ಠ ಒತ್ತಡ ಎಂದು 44 ಅಥವಾ 51 ಪಿಎಸ್‌ಐ ಅಚ್ಚಾಗಿರುತ್ತದೆ. ಅದು ತಣ್ಣಗಿರುವಾಗಿನ ಮಿತಿ. ಓಡುವಾಗ ಅದರ ಮೇಲೆ ಐದಾರು ಪಿಎಸ್‌ಐ ಏರುತ್ತದೆಂದು ಗೊತ್ತಿಟ್ಟುಕೊಂಡೇ ಟಯರ್ ತಯಾರಿಸುತ್ತಾರೆ. ಕಾರಿನ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿರುವ 33 ಕೂಡ ತಣ್ಣಗಿನ ಅಂಕಿಯೇ. ಈ ಒಂದು ವಿಷಯ ಬಂಕ್‌ಗಳಲ್ಲಿ ಗೊತ್ತಿಲ್ಲದೆ ಎಷ್ಟೋ ಕಾರುಗಳು ಗಾಳಿ ಕಮ್ಮಿಯಾಗಿ ಓಡುತ್ತಿವೆ ಎಂಬುದು ಬೇಸರದ ಸಂಗತಿ.

ನಿಜವಾಗಿ ಒಡೆಯುವುದು ಗಾಳಿ ಕಮ್ಮಿಯಾದ ಟಯರ್. ಗಾಳಿ ಕಡಿಮೆ ಇದ್ದಷ್ಟೂ ಪಕ್ಕದ ಗೋಡೆ ಹೆಚ್ಚು ಬಾಗುತ್ತದೆ. ಹೆಚ್ಚು ಬಾಗಿದರೆ ಹೆಚ್ಚು ಬಿಸಿ. ಆ ಬಿಸಿ ಟಯರ್‌ನ ಭುಜದಲ್ಲಿ, ಉಕ್ಕಿನ ಪಟ್ಟಿಯ ಅಂಚು ರಬ್ಬರಿಗೆ ಅಂಟಿಕೊಂಡಿರುವ ಕಡೆಯಲ್ಲೇ ಕೂಡುತ್ತದೆ. ಅಲ್ಲಿ ಅಂಟು ಬಿಟ್ಟರೆ ಪದರ ಕಳಚಿ ಟಯರ್ ಸಿಡಿಯುತ್ತದೆ. ಬಿಸಿಲಿಗೆ ಒಡೆಯಿತು ಎಂದು ಎಲ್ಲರೂ ಹೇಳುತ್ತಾರೆ. ಬಿಸಿಲು ಸೇರಿದ್ದು ಕೊನೆಯಲ್ಲಿ, ಗಾಳಿ ಕಮ್ಮಿ ಇದ್ದದ್ದು ಮೊದಲೇ.

ಇದರಲ್ಲಿ ಮೋಸ ಮಾಡುವ ಸಂಗತಿ ಒಂದಿದೆ. ನಿಮ್ಮ ನಾಲ್ಕು ಚಕ್ರದಲ್ಲಿ ಒಂದು ಬೆಳಿಗ್ಗೆ 27 ಇತ್ತು, ನೀವು ನೋಡಲಿಲ್ಲ ಎಂದುಕೊಳ್ಳಿ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಮಧ್ಯಾಹ್ನದ ಹೆದ್ದಾರಿ. ಅದು ಉಳಿದವಕ್ಕಿಂತ ಹೆಚ್ಚು ಕಾದು ಒಳಗಿನ ಗಾಳಿ 70 ಡಿಗ್ರಿಗೆ ಹೋದರೆ ಗೇಜ್ ಎಷ್ಟು ತೋರಿಸುತ್ತದೆ? ಮೇಲಿನದ್ದೇ ಲೆಕ್ಕ: 41.7ನ್ನು 343ರಿಂದ ಗುಣಿಸಿ 299ರಿಂದ ಭಾಗಿಸಿ, 14.7 ಕಳೆದರೆ 33. ಬಂಕ್‌ನ ಮೆಷಿನ್ "ಟಿಣ್" ಎಂದು ಸದ್ದು ಮಾಡಿ ಸರಿಯಿದೆ ಎನ್ನುತ್ತದೆ. ನಾಲ್ಕರಲ್ಲಿ ಅಪಾಯದ ಟಯರ್ ಅದೊಂದೇ, ಸ್ಟಿಕರ್‌ಗೆ ಹೊಂದುವ ಅಂಕಿ ಇರುವುದೂ ಅದರಲ್ಲೇ! ಪಕ್ಕದ ಮೂರು ಚಕ್ರ 38 ಇದ್ದು ಒಂದು ಮಾತ್ರ 33 ಇದ್ದರೆ, ಮೂರನ್ನು 33ಕ್ಕೆ ಇಳಿಸುವುದಲ್ಲ, ಆ ಒಂದಕ್ಕೆ ಗಾಳಿ ಹಾಕಿ ಅದು ಯಾಕೆ ಕಡಿಮೆಯಾಯಿತೆಂದು ಹುಡುಕಬೇಕು.

ಡ್ಯಾಶ್‌ಬೋರ್ಡ್‌ನಲ್ಲಿ ಟಯರ್ ಒತ್ತಡದ ಎಚ್ಚರಿಕೆ ದೀಪ ಇದೆ ಎಂದು ಸುಮ್ಮನಿರುವುದೂ ಸರಿಯಲ್ಲ. ಅದು ಸಾಮಾನ್ಯವಾಗಿ ಕಾಲು ಭಾಗದಷ್ಟು ಒತ್ತಡ ಇಳಿದ ಮೇಲೆಯೇ ಹತ್ತುವಂಥದ್ದು, ಅಂದರೆ 33ರ ಟಯರ್ 25ರ ಹತ್ತಿರ ಬಂದಾಗ. ಬೆಳಿಗ್ಗೆ 27 ಇದ್ದ ಟಯರ್ ಓಡಿ ಬಿಸಿಯಾದ ಮೇಲೆ ಆ ದೀಪಕ್ಕೆ ಸಿಕ್ಕುವುದೇ ಇಲ್ಲ.

ಹಾಗಾದರೆ ಅಳೆಯುವುದು ಯಾವಾಗ? ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಅಥವಾ ನಿಂತ ಮೇಲೆ ಒಂದೆರಡು ಕಿಲೋಮೀಟರ್‌ಗಿಂತ ಹೆಚ್ಚು ಓಡಿರಬಾರದು. ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಮನೆಯಂಗಳದಲ್ಲೇ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ನಿಂತ ಕಾರಿಗೂ ಒಂದು ಪಕ್ಕದಿಂದ ಬಿಸಿಲು ಬಿದ್ದರೆ ಆ ಬದಿಯ ಎರಡು ಟಯರ್ ನೆರಳಿನ ಬದಿಗಿಂತ ಎರಡು ಪಿಎಸ್‌ಐ ಹೆಚ್ಚು ತೋರಿಸಬಹುದು; ಪಣಂಬೂರು, ಮಲ್ಪೆ ಬೀಚ್ ಬಳಿ ಬಯಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಇದನ್ನು ಸುಲಭವಾಗಿ ನೋಡಬಹುದು. ಅದನ್ನು ಸಮ ಮಾಡಲು ಹೋಗಬೇಡಿ, ಸಂಜೆಗೆ ತಾನಾಗಿಯೇ ಸಮವಾಗುತ್ತದೆ.

ಮನೆಯಿಂದ ಬಂಕ್ ನಾಲ್ಕೈದು ಕಿಲೋಮೀಟರ್ ದೂರ ಇದ್ದರೆ ಹೀಗೆ ಮಾಡಿ. ಒಂದು ಕೈಗೇಜ್ ಕಾರಿನಲ್ಲೇ ಇರಲಿ. ಮನೆಯಲ್ಲಿ ತಣ್ಣಗಿರುವಾಗ ನಾಲ್ಕನ್ನೂ ಅಳೆದು, ಪ್ರತಿ ಚಕ್ರಕ್ಕೆ ಎಷ್ಟು ಕೊರತೆ ಎಂದು ಬರೆದುಕೊಳ್ಳಿ. ಎಡ ಮುಂದಿನದ್ದು 30, ಬೇಕಾದ್ದು 33, ಕೊರತೆ 3. ಬಂಕ್‌ಗೆ ಹೋದಾಗ ಅದೇ ಟಯರ್ 31.5 ತೋರಿಸುತ್ತದೆ ಎಂದಾದರೆ ಅದಕ್ಕೆ 3 ಸೇರಿಸಿ 34.5 ಹಾಕಿಸಿ. ಅಂಕಿಯನ್ನು ಸ್ಟಿಕರ್‌ಗೆ ಹೊಂದಿಸುವುದಲ್ಲ, ಕೊರತೆಯನ್ನಷ್ಟೇ ತುಂಬುವುದು. ಬಂಕ್‌ನ ಮೆಷಿನ್‌ಗೂ ನಿಮ್ಮ ಗೇಜ್‌ಗೂ ಒಂದೆರಡು ಪಾಯಿಂಟ್ ವ್ಯತ್ಯಾಸ ಇರಬಹುದು. ಈ ಕ್ರಮದಲ್ಲಿ ಅದರಿಂದಲೂ ತೊಂದರೆಯಾಗುವುದಿಲ್ಲ.

ದಾರಿಯಲ್ಲಿ ಬಿಸಿಯಾಗಿರುವಾಗಲೇ ಹಾಕಿಸಬೇಕಾಗಿ ಬಂದರೆ ಸ್ಟಿಕರ್ ಅಂಕಿಗಿಂತ 4 ಹೆಚ್ಚು ಹಾಕಿಸಿ, ಮರುದಿನ ಬೆಳಿಗ್ಗೆ ಸರಿಪಡಿಸಿಕೊಳ್ಳಿ. ತುಂಬಿದ ಕಾರಿನ ಪ್ರಯಾಣಕ್ಕೆ ಹೊರಡುವ ಮುನ್ನ ಸ್ಟಿಕರನ್ನು ಇನ್ನೊಮ್ಮೆ ನೋಡಿ. ಅನೇಕ ಕಾರುಗಳಲ್ಲಿ ಇಬ್ಬರಿಗೆ ಒಂದು ಅಂಕಿ, ಪೂರ್ತಿ ಭಾರಕ್ಕೆ ಬೇರೆ ಅಂಕಿ, ಅದರಲ್ಲೂ ಹಿಂದಿನ ಚಕ್ರಕ್ಕೆ ಹೆಚ್ಚು ಎಂದು ಕೊಟ್ಟಿರುತ್ತಾರೆ. ಜನ ಹತ್ತಿ ಕೂತರೆ ಒತ್ತಡ ತಾನಾಗಿಯೇ ಏರುತ್ತದೆ ಎಂದು ಭಾವಿಸಬೇಡಿ. ಜಾಗ ಹೆಚ್ಚೇನೂ ಕುಗ್ಗದ ಕಾರಣ ಗೇಜ್ ಅಲುಗುವುದೇ ಅಪರೂಪ. ಬಾಗುವುದು ಮಾತ್ರ ಹೆಚ್ಚಾಗುತ್ತದೆ.

ಬೇಸಿಗೆಯಲ್ಲಿ ಎರಡು ಪಾಯಿಂಟ್ ಕಡಿಮೆ ಇಡಬೇಕೇ ಎಂಬುದಕ್ಕೆ ಉತ್ತರ: ಬೇಡ. ನಮ್ಮ ಕರಾವಳಿಯಲ್ಲಿ ಜನವರಿ ಬೆಳಗಿಗೂ ಏಪ್ರಿಲ್ ಬೆಳಗಿಗೂ ಅಂತರ ಐದಾರು ಡಿಗ್ರಿ, ಗೇಜ್‌ನಲ್ಲಿ ಅದು ಒಂದು ಪಿಎಸ್‌ಐ. ಆ ಮೂರು ತಿಂಗಳಲ್ಲಿ ಟಯರ್ ತಾನಾಗಿಯೇ ಕಳೆದುಕೊಳ್ಳುವ ಗಾಳಿ ಅದಕ್ಕಿಂತ ಹೆಚ್ಚು. ಒಳ್ಳೆಯ ಟ್ಯೂಬ್‌ಲೆಸ್ ಟಯರ್ ಕೂಡ ತಿಂಗಳಿಗೆ ಒಂದರಷ್ಟು ಇಳಿಯುತ್ತದೆ. ಕಡಿಮೆ ಇಟ್ಟರೆ ಟಯರ್ ಹೆಚ್ಚು ಬಾಗಿ ಹೆಚ್ಚು ಕಾಯುತ್ತದೆ, ಯಾವುದನ್ನು ತಪ್ಪಿಸಲು ಹೊರಟಿರೋ ಅದೇ ಆಗುತ್ತದೆ.

ಘಾಟಿ ಹತ್ತುವವರಿಗೆ ಇನ್ನೊಂದು ಲೆಕ್ಕ ಉಂಟು. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಅಲ್ಲಿ ಹೊರಗಿನ ವಾತಾವರಣದ ಒತ್ತಡ 14.7ರ ಬದಲು ಸುಮಾರು 13.2. ಗೇಜ್ ತೋರಿಸುವುದು ಒಳಗಿನದ್ದಕ್ಕೂ ಹೊರಗಿನದ್ದಕ್ಕೂ ಇರುವ ಅಂತರವಾದ್ದರಿಂದ, ಟಯರ್ ಬಿಸಿಯಾಗದೇ ಇದ್ದರೂ ಅಲ್ಲಿ ಒಂದೂವರೆ ಪಿಎಸ್‌ಐ ಹೆಚ್ಚು ಕಾಣುತ್ತದೆ. ಅಂದರೆ ನೆಲ್ಯಾಡಿಯಲ್ಲಿ ನೀವು ಗಾಳಿ ಬಿಡಿಸದೆ ಹೋಗಿದ್ದರೆ ಶಿರಾಡಿ ಘಾಟಿ ಹತ್ತಿದ ಮೇಲೆ 39 ಕಂಡಿದ್ದರೂ ಆಶ್ಚರ್ಯವಿರಲಿಲ್ಲ. ಮರುದಿನ ಬೆಳಿಗ್ಗೆ ಅಲ್ಲಿ 18 ಡಿಗ್ರಿ ಚಳಿಯಲ್ಲಿ ಅಳೆದಿದ್ದರೆ? ಚಳಿಗೆ ಒಂದೂಕಾಲು ಇಳಿದು, ಎತ್ತರಕ್ಕೆ ಒಂದೂವರೆ ಏರಿ, 33ರ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ನಿಲ್ಲುತ್ತಿತ್ತು. ಊರಿನಿಂದ ಘಟ್ಟದ ಮೇಲಕ್ಕೆ ಹೋದವರು ಅಲ್ಲಿ ಗಾಳಿ ಮುಟ್ಟದಿದ್ದರೆ ಏನೂ ಆಗದು. ಎತ್ತರವೂ ಚಳಿಯೂ ಒಂದನ್ನೊಂದು ಸರಿದೂಗಿಸುತ್ತವೆ.

ಇಳಿಯುವಾಗ ಕತೆ ಬೇರೆ. ಗುಂಡ್ಯದ ಕಡೆಗೆ ಇಳಿಯುವಾಗ ಕಾಲು ಬ್ರೇಕ್ ಮೇಲೇ ಇದ್ದರೆ ಡಿಸ್ಕ್ ಕಾದು ಆ ಬಿಸಿ ರಿಮ್ ಮೂಲಕ ಟಯರ್ ಒಳಗೆ ಹೋಗುತ್ತದೆ, ಮುಂದಿನ ಎರಡು ಚಕ್ರ ಹಿಂದಿನವಕ್ಕಿಂತ ಎರಡು ಮೂರು ಪಿಎಸ್‌ಐ ಹೆಚ್ಚು ಏರಿಬಿಡಬಹುದು. ಕೆಳಗಿನ ಗೇರ್‌ನಲ್ಲಿ ಇಳಿಯಿರಿ. ಮುಂದಿನ ಎರಡೂ ಒಂದೇ ಸಮನೆ ಏರಿದ್ದರೆ ಟಯರ್‌ಗೆ ದೋಷವಿಲ್ಲ.

ಇನ್ನು ನೈಟ್ರೋಜನ್. ಮಾಮೂಲಿ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ, ಉಳಿದದ್ದರಲ್ಲಿ ಹೆಚ್ಚಿನದ್ದು ಆಕ್ಸಿಜನ್. ಈ ಉಷ್ಣತೆಯಲ್ಲಿ ಎರಡೂ ಒಂದೇ ಲೆಕ್ಕದಲ್ಲಿ ಹಿಗ್ಗುತ್ತವೆ. ಪೂರ್ತಿ ನೈಟ್ರೋಜನ್ ತುಂಬಿಸಿದರೂ ನೆಲ್ಯಾಡಿಯಲ್ಲಿ 38ರ ಆಸುಪಾಸಿನಲ್ಲೇ ಇರುತ್ತಿತ್ತು. ಹಾಗಾದರೆ ನೈಟ್ರೋಜನ್ ಹಾಕಿಸಿದವರು ಏರಿಕೆ ಕಡಿಮೆ ಎನ್ನುವುದು ಬರೀ ಭ್ರಮೆಯೇ? ಎಲ್ಲ ಸಲವೂ ಅಲ್ಲ. ಕಾರಣ ನೀರು.

ಕರಾವಳಿಯ ಹವೆಯಲ್ಲಿ ತೇವ ತುಂಬಿರುತ್ತದೆ. ಕಂಪ್ರೆಸರ್ ಅದನ್ನು ಒತ್ತಿದಾಗ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ಸೇರುತ್ತದೆ. ತಳದ ನಲ್ಲಿ ತೆರೆದು ದಿನಾ ಆ ನೀರನ್ನು ಬಿಡಬೇಕು. ಬಿಡದಿದ್ದರೆ, ಮುಖ್ಯವಾಗಿ ಮಳೆಗಾಲದಲ್ಲಿ, ಗಾಳಿಯ ಜತೆ ನೀರೂ ಪೈಪ್‌ನಲ್ಲಿ ಟಯರ್ ಸೇರುತ್ತದೆ. ಟಯರ್ ತಣ್ಣಗಿರುವಾಗ ಆ ನೀರು ಒಳಗೆ ಹನಿಯಾಗಿ ಇರುತ್ತದೆ, ಗೇಜ್‌ಗೆ ಲೆಕ್ಕವಿಲ್ಲ. 57 ಡಿಗ್ರಿಗೆ ಕಾದಾಗ ಆವಿಯಾಗಿ ತನ್ನದೂ ಒತ್ತಡ ಸೇರಿಸುತ್ತದೆ. ಸಣ್ಣ ಕಾರಿನ ಟಯರ್‌ನಲ್ಲಿ ಇದಕ್ಕೆ ಅರ್ಧ ಟೀ ಚಮಚದಷ್ಟು ನೀರು ಸಾಕು, ಲೆಕ್ಕಕ್ಕಿಂತ ಸುಮಾರು 2 ಪಿಎಸ್‌ಐ ಹೆಚ್ಚು ಏರುತ್ತದೆ. ನೈಟ್ರೋಜನ್ ಒಣಗಿರುವುದರಿಂದ ಈ ಹೆಚ್ಚುವರಿ ಇರುವುದಿಲ್ಲ. ಒಣ ಗಾಳಿ ಹಾಕಿದರೂ ಅಷ್ಟೇ ಲಾಭ. ಗಾಳಿ ಹಾಕಿಸುವ ಮೊದಲು ಪೈಪ್‌ನ ತುದಿಯನ್ನು ಅಂಗೈಗೆ ಹಿಡಿದು ಒಂದು ಸಲ ಬಿಡಿಸಿ ನೋಡಿ. ಅಂಗೈ ಒದ್ದೆಯಾದರೆ ಬೇರೆ ಕಡೆ ಹೋಗಿ.

ಬಿಸಿಯಾದ ಟಯರ್‌ನ ಅಂಕಿಯಿಂದ ಏನೂ ತಿಳಿಯುವುದಿಲ್ಲ ಎಂದಲ್ಲ. ಬೆಳಿಗ್ಗೆ ನಾಲ್ಕೂ ಸಮ ಇದ್ದು, ಒಂದು ಗಂಟೆ ಓಡಿದ ಮೇಲೆ ಮತ್ತೆ ಅಳೆದರೆ ಎಡಬಲಗಳ ನಡುವಿನ ಅಂತರ ತುಂಬ ಹೇಳುತ್ತದೆ. ನಾಲ್ಕೂ ಆರೇಳು ಪಿಎಸ್‌ಐಗಿಂತ ಹೆಚ್ಚು ಏರಿದ್ದರೆ ಭಾರ ಜಾಸ್ತಿ, ಇಲ್ಲವೇ ವೇಗ ಜಾಸ್ತಿ, ಇಲ್ಲವೇ ಬೆಳಗಿನ ಅಂಕಿಯೇ ತಪ್ಪು ಎಂದು ತಿಳಿಯಿರಿ. ಆಗಲೂ ಗಾಳಿ ಬಿಡದೆ ನೆರಳಲ್ಲಿ ಅರ್ಧ ಗಂಟೆ ನಿಲ್ಲಿಸಿ.

ಒಂದು ಚಕ್ರ ಮಾತ್ರ ಅದರ ಜೋಡಿಗಿಂತ ಮೂರು ಪಿಎಸ್‌ಐ ಹೆಚ್ಚು ಏರಿದ್ದರೆ ಆ ಚಕ್ರದ ಬ್ರೇಕ್ ಬಿಡದೆ ಉಜ್ಜುತ್ತಿರಬಹುದು. ಉಪ್ಪುಗಾಳಿ ಮತ್ತು ಮಳೆಯಿಂದ ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದು ಸಿಕ್ಕಿಕೊಳ್ಳುವುದು ನಮ್ಮ ಕಡೆ ಸಾಮಾನ್ಯ. ಬ್ರೇಕ್ ಹೆಚ್ಚು ಬಳಸದೆ ಸಪಾಟು ರಸ್ತೆಯಲ್ಲಿ ಓಡಿ ಬಂದು ನಿಲ್ಲಿಸಿ, ರಿಮ್‌ನ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆಯಿಂದ ಮಾತ್ರ ಒಲೆಯ ಕಾವಿನಂತೆ ಬಿಸಿ ಬಡಿದರೆ ಅಲ್ಲೇ ಸಮಸ್ಯೆ. ಗ್ಯಾರೇಜ್‌ನಲ್ಲಿ ಪಿನ್ ಬಿಚ್ಚಿ, ತುಕ್ಕು ತೆಗೆದು, ಬ್ರೇಕ್‌ಗೆಂದೇ ಬರುವ ಗ್ರೀಸ್ ಹಚ್ಚಿಸಬೇಕು.

ಎಲ್ಲವೂ ಐದು ಏರಿದಾಗ ಒಂದು ಮಾತ್ರ ಎರಡೇ ಏರಿದ್ದರೆ ಅದು ಚೆನ್ನಾಗಿ ತಣ್ಣಗಿದೆ ಎಂದು ಖುಷಿಪಡಬೇಡಿ. ಓಡುತ್ತಿರುವಾಗಲೇ ಅದು ಗಾಳಿ ಕಳೆದುಕೊಳ್ಳುತ್ತಿದೆ. ಮೊದಲು ವಾಲ್ವ್ ಕ್ಯಾಪ್ ತೆಗೆದು ಬಾಯಿಗೆ ಸೋಪಿನ ನೀರು ಒಂದು ಹನಿ ಹಾಕಿ. ಗುಳ್ಳೆ ಎದ್ದರೆ ಒಳಗಿನ ಪಿನ್ ಬದಲಿಸಿದರೆ ಮುಗಿಯಿತು. ಗುಳ್ಳೆ ಇಲ್ಲದಿದ್ದರೆ ರಿಮ್ ಅಂಚಿನ ಸುತ್ತ, ಆಮೇಲೆ ಟಯರ್ ಮೈಮೇಲೆ ಸೋಪಿನ ನೀರು ಹಾಕುತ್ತ ಚಕ್ರವನ್ನು ನಿಧಾನವಾಗಿ ತಿರುಗಿಸಿ ನೋಡಿ. ಸಣ್ಣ ಮೊಳೆ ಚುಚ್ಚಿಕೊಂಡೇ ಇದ್ದರೆ ಗಾಳಿ ಇಳಿಯಲು ದಿನಗಟ್ಟಲೆ ಹಿಡಿಯುತ್ತದೆ, ಬಿಸಿಯಾದಾಗ ಮಾತ್ರ ಬೇಗ ಸೋರುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ಟಯರ್ ಬಿಸಿಯಾಗಿರುವಾಗಲೇ ಮಾಡುವುದು ಒಳ್ಳೆಯದು.